ಕೋಲಾರದ ಮಾತಿಗೆ ಒಂದೇ ಅಂಕಿಯ ತಕ್ಕಡಿ ಸಾಲದು

ಮಾತು ಕೇಳಿ ಬರಹಕ್ಕಿಳಿಸುವ ತಂತ್ರಾಂಶ ಮಾರುವವರು ಮೊದಲು ತೋರಿಸೋದು ವರ್ಡ್ ಎರರ್ ರೇಟ್. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತಾರೆ. ಕನ್ನಡ, ತೆಲುಗು, ಇಂಗ್ಲಿಷ್ ಒಂದೇ ಉಸಿರಲ್ಲಿ ಆಡುವ ನಮ್ಮ ಜಿಲ್ಲೆಯ ಮಟ್ಟಿಗೆ ಆ ಒಂದು ಅಂಕಿ ದಾರಿ ತಪ್ಪಿಸುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಇಷ್ಟೇ. ಮನುಷ್ಯರು ಕೇಳಿ ಬರೆದ ಪಾಠವನ್ನು ಯಂತ್ರ ಬರೆದದ್ದರ ಪಕ್ಕ ಇಡಬೇಕು. ಬದಲಾದ, ಬಿಟ್ಟುಹೋದ, ಹೆಚ್ಚುವರಿಯಾಗಿ ಸೇರಿಕೊಂಡ ಪದಗಳನ್ನು ಕೂಡಿಸಿ ಮೂಲದ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಶ್ರೀನಿವಾಸಪುರ ಕಡೆಯ ರೈತರೊಬ್ಬರು ಟೊಮೆಟೊ ಮಂಡಿಯಿಂದ ಮನೆಗೆ ಫೋನ್ ಮಾಡಿ ಹೀಗೆ ಹೇಳಿದರು, ಅದನ್ನು ‘ಅ’, ‘ಆ’ ಅನ್ನೋ ಎರಡು ಯಂತ್ರಗಳು ಬರೆದವು ಅಂತಿಟ್ಟುಕೊಳ್ಳಿ:

```
ಮೂಲ: ಇವತ್ತು ಬಾಕ್ಸ್ ರೇಟ್ ನಾನೂರು ಆಯ್ತು ರೇಪು ಇಂಕಾ ಪೆರುಗುತುಂದಿ
ಅ: ಇವತ್ತು box rate 400 ಆಯ್ತು ರೇಪು ಇಂಕಾ ಪೆರುಗುತುಂದಿ
ಆ: ಇವತ್ತು ಬಾಕ್ಸ್ ರೇಟ್ ಮುನ್ನೂರು ಆಯ್ತು ರೇಪು ಇಂಕಾ ಪೆರುಗುತುಂದಿ
```

ನಾಳೆ ಇನ್ನೂ ಏರುತ್ತೆ ಅಂತ ಕೊನೆಯ ಮೂರು ತೆಲುಗು ಪದಗಳ ಅರ್ಥ. ಮೂಲದಲ್ಲಿ 8 ಪದ. ‘ಅ’ ಒಂದಕ್ಷರವೂ ತಪ್ಪು ಕೇಳಿಲ್ಲ, ಲಿಪಿ ಬದಲಿಸಿದೆ ಅಷ್ಟೆ. ಆದರೂ ಅದರ ತಲೆಗೆ 3 ತಪ್ಪು, ಅಂದರೆ 37.5%. ‘ಆ’ ಬೆಲೆಯನ್ನೇ ನೂರು ರೂಪಾಯಿ ಇಳಿಸಿದೆ, ಅದಕ್ಕೆ ಬರೀ 12.5%. ಅಂಕಿ ನೋಡಿ ಕೊಳ್ಳುವವರು ‘ಆ’ಯನ್ನೇ ಕೊಳ್ತಾರೆ. ನಷ್ಟ ರೈತರದ್ದು.

ಭಾಷೆ ಗುರುತಿಸುವ ಹಂತದಲ್ಲೇ ಇನ್ನೊಂದು ತೊಡಕಿದೆ. 2022ರಲ್ಲಿ ಓಪನ್‌ಎಐ ಬಿಟ್ಟ ವಿಸ್ಪರ್ ಅನ್ನೇ ತಗೊಳ್ಳಿ. ಯಾವ ಭಾಷೆ ಅಂತ ನಾವು ಹೇಳದಿದ್ದರೆ, ಅದರ ಮೂಲ ತಂತ್ರಾಂಶ ಮೊದಲ 30 ಸೆಕೆಂಡ್ ಕೇಳಿ ಒಂದು ಭಾಷೆ ಆರಿಸಿ, ಇಡೀ ಧ್ವನಿಮುದ್ರಣಕ್ಕೆ ಅದನ್ನೇ ಹಚ್ಚುತ್ತೆ. ಶುರುವಿನ ಕುಶಲ ವಿಚಾರಣೆ ತೆಲುಗಿನಲ್ಲಿದ್ದರೆ, ಆಮೇಲಿನ ಕನ್ನಡವೂ ತೆಲುಗು ಲಿಪಿಗೆ ಹೋಗಬಹುದು. ಆಗ ಸರಿಯಾಗಿ ಕೇಳಿದ ಪದವೂ ತಪ್ಪಿನ ಲೆಕ್ಕಕ್ಕೇ ಸೇರುತ್ತೆ.

ಪದ ಪದಕ್ಕೂ ಭಾಷೆ ಗುರುತಿಸ್ತೀವಿ ಅನ್ನುವವರ ಅಂಕಿಯನ್ನೂ ಬಿಡಿಸಿ ನೋಡಬೇಕು. 100 ಪದಗಳಲ್ಲಿ 85 ಕನ್ನಡ, 15 ತೆಲುಗು ಇದ್ದರೆ, ಏನೂ ಕೇಳಿಸಿಕೊಳ್ಳದೆ ಎಲ್ಲಕ್ಕೂ ‘ಕನ್ನಡ’ ಅಂದುಬಿಡುವ ಯಂತ್ರಕ್ಕೂ 85% ನಿಖರತೆ ಸಿಗುತ್ತೆ. ತೆಲುಗಿನಲ್ಲಿ ಅದು ಹಿಡಿದದ್ದು ಸೊನ್ನೆ!

ಲಿಪಿಯ ಅನ್ಯಾಯಕ್ಕೆ ಪರಿಹಾರ ಇದೆ. ಎರಡೂ ಪಾಠಗಳನ್ನು ಒಂದೇ ಲಿಪಿಗೆ ತಂದು ಆಮೇಲೆ ಎಣಿಸೋದು. ಭಾರತೀಯ ಭಾಷೆಗಳ ಮಾತನ್ನು ಬರಹಕ್ಕಿಳಿಸುವ 2021ರ ಮಕ್ಸ್ ಸ್ಪರ್ಧೆಯಲ್ಲಿ ಹಿಂದಿ-ಇಂಗ್ಲಿಷ್, ಬಂಗಾಳಿ-ಇಂಗ್ಲಿಷ್ ಬೆರಕೆ ಮಾತಿಗೆ ಇಂಥ ಲೆಕ್ಕವನ್ನೂ ಇಟ್ಟಿದ್ದರು. ಹಾಗೆ ಮಾಡಿದರೆ ‘ಅ’ದ ಎರಡು ತಪ್ಪು ಹೋಗುತ್ತೆ. 400 ಅನ್ನೋದೂ ನಾನೂರು ಅನ್ನೋದೂ ಒಂದೇ ಅಂತ ಬೇರೆ ನಿಯಮ ಬರೆದರೆ ಮೂರನೆಯದೂ ಹೋಗುತ್ತೆ. ಆದರೆ ಲಿಪ್ಯಂತರವನ್ನು ಅತಿ ಸಡಿಲ ಮಾಡಿದರೆ, ನಿಜವಾಗಿ ತಪ್ಪು ಕೇಳಿದ ಪದಗಳೂ ಅದರಡಿ ಅಡಗಿಕೊಳ್ತವೆ. ಮುನ್ನೂರು ಅನ್ನೋ ತಪ್ಪು ಎಷ್ಟು ದುಬಾರಿ ಅನ್ನೋದನ್ನಂತೂ ಇದ್ಯಾವುದೂ ಹೇಳಲ್ಲ. ಅದಕ್ಕೇ ಬೆಲೆ, ತೂಕ, ಹೆಸರುಗಳ ತಪ್ಪನ್ನು ಪ್ರತ್ಯೇಕವಾಗಿ ಎಣಿಸಲೇಬೇಕು. ಕನ್ನಡದಿಂದ ತೆಲುಗಿಗೆ ಮಾತು ಹೊರಳುವ ಜಾಗದ ಆಚೀಚೆ ಎರಡೆರಡು ಪದಗಳ ತಪ್ಪನ್ನೂ ಬೇರೆಯಾಗಿ ಕೇಳಿ. ಇಡೀ ಕಡತದ ಸರಾಸರಿಯಲ್ಲಿ ಮುಚ್ಚಿಹೋಗೋದು ಅದೇ.