ಬಾಣದ ಗುರುತಿಲ್ಲದ ಆಟಗಳು, ಮತ್ತು ಸ್ವಲ್ಪ ಸಿಟ್ಟು

ಭಾನುವಾರ ಮನೆಗೆ ಬಂದಿದ್ದ ಅಕ್ಕನ ಮಗ ನನ್ನ ಪಕ್ಕದಲ್ಲಿ ಕುಳಿತು ನಾನು ಆಡುತ್ತಿದ್ದ ಆಟವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಮಾಮ, ಎನಿಮಿ ಯಾವಾಗ ಬರ್ತಾನೆ?" ಎಂದು ಕೇಳಿದ. ಬರುವುದಿಲ್ಲ ಎಂದೆ. "ಮಿಷನ್ನು?" ಅದೂ ಇಲ್ಲ. "ಮತ್ತೆ ಏನ್ ಮಾಡೋದು ಇದ್ರಲ್ಲಿ?" ನಡೆಯುವುದು ಎಂದಾಗ, ಆಸ್ಪತ್ರೆಯಲ್ಲಿ ಮಲಗಿದ್ದವರನ್ನು ನೋಡಲು ಬಂದವರ ಮುಖದಲ್ಲಿರುತ್ತದಲ್ಲ, ಅಂಥ ಅನುಕಂಪ ಅವನ ಮುಖದಲ್ಲಿ ಕಾಣಿಸಿತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಪರದೆಯ ಮೂಲೆಯಲ್ಲಿ ಕೆಲಸದ ಪಟ್ಟಿ ಇಲ್ಲದಿದ್ದರೆ, ಹೋಗಬೇಕಾದ ಜಾಗದ ಮೇಲೆ ಹೊಳೆಯುವ ಬಾಣವಿಲ್ಲದಿದ್ದರೆ ಅದು ಆಟವೇ ಅಲ್ಲ ಎಂದು ಅವನಿಗೆ ಕಲಿಸಿಕೊಟ್ಟವರ ಮೇಲೆ ಬಂತು.

ನನ್ನ ಉದ್ಯೋಗದ ಸ್ವರೂಪ ಇಲ್ಲಿರುವ ಬಹುತೇಕರಿಗೆ ತಿಳಿದಿದೆ. ತಿಂಗಳ ಕೊನೆಯ ವಾರದಲ್ಲಿ ಟಾರ್ಗೆಟ್ ಎಂಬ ಮಾತು ನನ್ನ ಕಿವಿಗೆ ಎಷ್ಟು ಸಲ ಬೀಳುತ್ತದೆ ಎಂಬುದನ್ನೂ ನೀವು ಬಲ್ಲಿರಿ. ಸೈಬರ್ ಕೆಫೆಗಳ ಕಾಲದಲ್ಲಿ ಕೌಂಟರ್-ಸ್ಟ್ರೈಕ್ ಆಡಿ ಗಂಟಲು ಹರಿದುಕೊಂಡವನು ನಾನು. ಆದ್ದರಿಂದ ಗುಂಡು ಹಾರಿಸುವ ಆಟಗಳನ್ನು ಕೀಳಾಗಿ ಕಾಣುವ ಮಡಿವಂತಿಕೆ ನನಗಿಲ್ಲ. ಆದರೆ ಹಗಲೆಲ್ಲ ಇನ್ನೊಬ್ಬರು ಬರೆದುಕೊಟ್ಟ ಪಟ್ಟಿಗೆ ಗೀಟು ಹಾಕಿ ಬಂದವನು ರಾತ್ರಿ ಹಣ ಕೊಟ್ಟು ಕೊಂಡ ಆಟದಲ್ಲಿಯೂ "ಹನ್ನೆರಡರಲ್ಲಿ ಮೂರು ಗರಿ ಸಂಗ್ರಹವಾಗಿದೆ" ಎಂದು ಓದಬೇಕಾದರೆ, ಅದಕ್ಕಿಂತ ಕಚೇರಿಯಲ್ಲಿಯೇ ಉಳಿದು ಓವರ್‌ಟೈಮ್ ಮಾಡಬಹುದಲ್ಲ!

ವಾಕಿಂಗ್ ಸಿಮ್ಯುಲೇಟರ್ ಎಂದು ಮೊದಮೊದಲು ಗೇಲಿಗಾಗಿಯೇ ಕರೆಯಲಾದ ಈ ಬಗೆಯ ಆಟಗಳ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ಸಂಗತಿಯಿದೆ. ಅವುಗಳಲ್ಲಿ ಅತ್ಯಂತ ಹೆಸರಾದ 'ಡಿಯರ್ ಎಸ್ತರ್' ಹುಟ್ಟಿದ್ದು ಒಂದು ಗುಂಡಿನ ಆಟದ ಹೊಟ್ಟೆಯಲ್ಲಿ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿದ್ದ ಡ್ಯಾನ್ ಪಿಂಚ್‌ಬೆಕ್, ಸಂಶೋಧನೆಯ ಭಾಗವಾಗಿ 'ಹಾಫ್-ಲೈಫ್ 2' ಎಂಬ ಗುಂಡಿನ ಆಟವನ್ನು ನಡೆಸುವ ಎಂಜಿನ್ ತಂತ್ರಾಂಶವನ್ನೇ ಬಳಸಿಕೊಂಡು 2008ರಲ್ಲಿ ಇದನ್ನೊಂದು ಮಾಡ್ ಆಗಿ, ಅಂದರೆ ಇರುವ ಆಟವನ್ನೇ ಮಾರ್ಪಡಿಸಿದ ರೂಪವಾಗಿ ಹೊರತಂದರು. ಬಂದೂಕು, ಶತ್ರು, ಒಗಟು ಎಲ್ಲವನ್ನೂ ತೆಗೆದುಹಾಕಿ, ನಡೆಯುವ ಕಾಲುಗಳನ್ನೂ ನೋಡುವ ಕಣ್ಣುಗಳನ್ನೂ ಕೇಳಿಸುವ ಒಂದು ದನಿಯನ್ನೂ ಮಾತ್ರ ಉಳಿಸಿದರೆ ಆಡುವವನು ಕುರ್ಚಿಯಲ್ಲಿ ಕೂರುತ್ತಾನೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ರಾಬರ್ಟ್ ಬ್ರಿಸ್ಕೋ ಅದರ ನೆಲ, ಬಂಡೆ, ಆಕಾಶಗಳನ್ನೆಲ್ಲ ಹೊಸದಾಗಿ ಕಟ್ಟಿಕೊಟ್ಟ ಮೇಲೆ 2012ರಲ್ಲಿ ಅದು ಮಾರಾಟಕ್ಕೆ ಬಂತು.

ಆಟ ಆರಂಭವಾಗುವುದು ಸ್ಕಾಟ್ಲೆಂಡಿನ ಹೆಬ್ರಿಡೀಸ್ ಕಡೆಯ ಒಂದು ನಿರ್ಜನ ದ್ವೀಪದ ದಡದಲ್ಲಿ. ಓಡಲು ಬರುವುದಿಲ್ಲ, ನೆಗೆಯಲು ಬರುವುದಿಲ್ಲ, ಬಾಗಿಲು ತೆರೆಯಲು ಒಂದು ಗುಂಡಿಯೂ ಇಲ್ಲ. ಕತ್ತಲಾದರೆ ಟಾರ್ಚ್ ಕೂಡ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಲ್ಲಲ್ಲಿ ಒಬ್ಬ ಗಂಡಸಿನ ದನಿ, ಎಸ್ತರ್ ಎಂಬವಳಿಗೆ ಬರೆದ ಪತ್ರಗಳ ತುಣುಕುಗಳನ್ನು ಓದುತ್ತದೆ. ಹಾಗಾದರೆ ದಾರಿ ತಿಳಿಯುವುದು ಹೇಗೆ? ಬಾಣವಿಲ್ಲದ ಆಟದಲ್ಲಿ ದಾರಿ ತೋರಿಸುವ ಕೆಲಸ ಇಲ್ಲವಾಗುವುದಿಲ್ಲ, ಅದು ನೆಲಕ್ಕೂ ಬೆಳಕಿಗೂ ವರ್ಗವಾಗುತ್ತದೆ. ದೂರದ ಬೆಟ್ಟದ ನೆತ್ತಿಯಲ್ಲಿ ರೇಡಿಯೋ ಕಂಬವೊಂದರ ಕೆಂಪು ದೀಪ ಮಿನುಗುತ್ತಿರುತ್ತದೆ. ದಿಬ್ಬ ಹತ್ತಿದಾಗ ಕಾಣುತ್ತದೆ, ಇಳಿದಾಗ ಮರೆಯಾಗುತ್ತದೆ, ಮುಂದೆಲ್ಲೋ ಸ್ವಲ್ಪ ದೊಡ್ಡದಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. "ಅಲ್ಲಿಗೆ ಹೋಗು" ಎಂದು ಯಾರೂ ಹೇಳಿರುವುದಿಲ್ಲ, ಆದರೂ ಕಾಲು ಆ ಕಡೆಗೇ ಎಳೆಯುತ್ತದೆ. ಗುಹೆಗಳ ಒಳಗೆ ಮೇಣದ ಬತ್ತಿಗಳೂ ಗೋಡೆಯ ಮೇಲೆ ಹೊಳೆಯುವ ಬಣ್ಣದಲ್ಲಿ ಬರೆದ ಚಿತ್ರಗಳೂ ಇದೇ ಕೆಲಸ ಮಾಡುತ್ತವೆ.

ಇನ್ನೊಂದು ಜಾಣತನವೂ ಇದರಲ್ಲಿದೆ. ಒಂದು ಜಾಗಕ್ಕೆ ತಲುಪಿದಾಗ ಕೇಳಿಸುವ ತುಣುಕು ಒಂದೇ ಆಗಿರುವುದಿಲ್ಲ, ಹಲವುಗಳಲ್ಲಿ ಒಂದನ್ನು ಆಟ ತಾನೇ ಆರಿಸಿಕೊಳ್ಳುತ್ತದೆ. ಹೀಗಾಗಿ ಇಬ್ಬರು ಗೆಳೆಯರು ಒಂದೇ ದ್ವೀಪವನ್ನು ಸುತ್ತಿ ಬಂದು ಕತೆಯ ಬಗ್ಗೆ ಜಗಳವಾಡಬಹುದು, ಇಬ್ಬರೂ ಕೇಳಿದ್ದು ನಿಜವೇ ಆಗಿರುತ್ತದೆ. ಕೆಲಸದ ಪಟ್ಟಿಯ ಆಟಗಳಲ್ಲಿ ಹೀಗೆ ಜಗಳವಾಡಲು ಏನಿರುತ್ತದೆ? ಎಲ್ಲರಿಗೂ ಅದೇ ಹನ್ನೆರಡು ಗರಿ.

ಕೊರತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಯಾರಾದರೂ ಬಂದು ಹೇಳುತ್ತಾರೆ. ಮೊಣಕಾಲೆತ್ತರದ ಬಂಡೆಯನ್ನೂ ಹತ್ತಲಾಗದೆ ನಿಂತಾಗ, ಇದು ದ್ವೀಪವಲ್ಲ, ಎರಡೂ ಕಡೆ ಅಡ್ಡ ಕಟ್ಟಿದ ಓಣಿ ಎಂಬುದು ತಿಳಿದುಬಿಡುತ್ತದೆ. ನಿಜವಾಗಿ ಎತ್ತ ಬೇಕಾದರೂ ಅಲೆಯಬೇಕು ಎನ್ನುವವರಿಗೆ 2013ರ 'ಪ್ರೋಟಿಯಸ್' ಇದೆ. ಎಡ್ ಕೀ ಮತ್ತು ಡೇವಿಡ್ ಕನಾಗ ಮಾಡಿದ ಆ ಆಟದಲ್ಲಿ ಪ್ರತಿ ಸಲವೂ ಹೊಸ ದ್ವೀಪ ಹುಟ್ಟುತ್ತದೆ. ಕಪ್ಪೆಯಂಥ ಪ್ರಾಣಿಯ ಹಿಂದೆ ಹೋದರೆ ಅದರ ಪ್ರತಿ ನೆಗೆತವೂ ಒಂದೊಂದು ಸ್ವರವಾಗುತ್ತದೆ, ಬೆಟ್ಟ ಹತ್ತಿದರೆ ಸಂಗೀತವೇ ಬದಲಾಗುತ್ತದೆ. ರಾತ್ರಿ ಬೆಳಕಿನ ಚುಕ್ಕಿಗಳು ಒಂದೆಡೆ ವೃತ್ತವಾಗಿ ಸೇರಿದಾಗ ಅದರೊಳಗೆ ಹೋಗಿ ನಿಂತರೆ ಋತು ಮುಂದೆ ಸರಿಯುತ್ತದೆ. ನಿಲ್ಲಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ವಸಂತದಲ್ಲಿಯೇ ಸಂಜೆಯೆಲ್ಲ ಕಳೆಯುವೆನೆಂದರೆ ಹಾಗೆಯೇ ಕಳೆಯಬಹುದು, ಯಾವ ಅಂಕವೂ ಕಡಿಮೆಯಾಗುವುದಿಲ್ಲ.

ಬಾಣದ ಗುರುತು ನಮಗೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಬೇಕೆಂದರೆ ಕ್ಯಾಂಪೊ ಸ್ಯಾಂಟೊ ತಂಡದ 'ಫೈರ್‌ವಾಚ್' ಬಹಳ ಒಳ್ಳೆಯ ಪ್ರಯೋಗಶಾಲೆ. 2016ರಲ್ಲಿ ಬಂದ ಈ ಆಟದ ಕತೆ ನಡೆಯುವುದು 1989ರಲ್ಲಿ, ಅಮೆರಿಕದ ವಯೋಮಿಂಗ್ ಕಾಡಿನಲ್ಲಿ. ಹೆನ್ರಿ ಎಂಬವನು ಕಾಡ್ಗಿಚ್ಚು ಕಾಯುವ ಗೋಪುರದಲ್ಲಿದ್ದಾನೆ, ಡೆಲೀಲಾ ಎಂಬವಳು ಇನ್ನೊಂದು ಗೋಪುರದಿಂದ ವಾಕಿಟಾಕಿಯಲ್ಲಿ ಮಾತನಾಡುತ್ತಾಳೆ. ಇಲ್ಲಿ ಗುರಿಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಅವು ಪರದೆಯ ಮೂಲೆಯ ಪಟ್ಟಿಯಾಗಿ ಬರುವುದಕ್ಕಿಂತ ಒಬ್ಬ ಹೆಣ್ಣಿನ ಮಾತಾಗಿ ಬರುತ್ತವೆ, ಅದಕ್ಕೆ ಎದುರುತ್ತರವನ್ನೂ ಕೊಡಬಹುದು, ಸುಮ್ಮನೆಯೂ ಇರಬಹುದು. ನಕ್ಷೆ ಹೆನ್ರಿಯ ಒಂದು ಕೈಯಲ್ಲಿ ಹಿಡಿದ ಕಾಗದ, ಇನ್ನೊಂದು ಕೈಯಲ್ಲಿ ದಿಕ್ಸೂಚಿ. ಮಾಮೂಲಿನಂತೆ ಆಡಿದರೆ ಆ ಕಾಗದದ ಮೇಲೆ ನೀವು ಇರುವ ಜಾಗವನ್ನು ತೋರಿಸುವ ಗುರುತೊಂದು ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದು ಕಾಣದಂತೆ ಮಾಡಿಬಿಡಬಹುದು.

ನಾನು ಎರಡೂ ರೀತಿಯಲ್ಲಿ ಆಡಿದ್ದೇನೆ. ಮೊದಲನೆಯ ದಿನ ಜೋನ್ಸಿ ಕೆರೆಯ ಬಳಿ ಪಟಾಕಿ ಹಾರಿಸುತ್ತಿರುವವರನ್ನು ಎಚ್ಚರಿಸಲು ಹೆನ್ರಿ ಗೋಪುರದಿಂದ ಇಳಿಯಬೇಕು. ಗುರುತು ಇದ್ದಾಗ ನಾನು ಕಾಡನ್ನು ನೋಡಲಿಲ್ಲ, ಕಾಗದದ ಮೇಲೆ ಒಂದು ಚುಕ್ಕಿ ಸರಿಯುವುದನ್ನು ನೋಡಿದೆ, ಅಷ್ಟೇ. ಗುರುತನ್ನು ತೆಗೆದ ಮೇಲೆ ಕ್ರಮವೇ ಬದಲಾಯಿತು. ಮೊದಲು ದಿಕ್ಸೂಚಿ ನೋಡಿ ನಕ್ಷೆಯ ಉತ್ತರವನ್ನು ಕಾಡಿನ ಉತ್ತರಕ್ಕೆ ಹೊಂದಿಸಿಕೊಳ್ಳಬೇಕು. ಬಳಿಕ ತಿರುಗಿ ಗೋಪುರ ಯಾವ ಕಡೆ ಉಳಿಯಿತು ಎಂದು ಗಮನಿಸಬೇಕು, ಕಾಲುದಾರಿ ಎಲ್ಲಿ ಕವಲೊಡೆಯಿತು, ಬಂಡೆ ಯಾವ ಕೈಗೆ ಬಂತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ದಾರಿಯಲ್ಲಿ ಹಳದಿ ಬಣ್ಣದ ಪೆಟ್ಟಿಗೆಗಳು ಸಿಗುತ್ತವೆ. ಅವುಗಳ ಬೀಗದ ಸಂಖ್ಯೆ ಎಲ್ಲ ಕಡೆಯೂ 1-2-3-4 (ಸರ್ಕಾರಿ ಕಚೇರಿಗಳ ಪಾಸ್‌ವರ್ಡ್ ಜಗತ್ತಿನಲ್ಲೆಲ್ಲ ಒಂದೇ ಎಂದು ಕಾಣುತ್ತದೆ). ಪೆಟ್ಟಿಗೆಯೊಳಗೆ ಸಿಗುವ ನಕ್ಷೆಯಿಂದ ಹೆನ್ರಿ ತನ್ನ ಕಾಗದಕ್ಕೆ ಹೊಸ ದಾರಿಗಳನ್ನು ಬರೆದುಕೊಳ್ಳುತ್ತಾನೆ. ಚುಕ್ಕಿ ಇದ್ದಾಗ ಈ ಪೆಟ್ಟಿಗೆ ನನಗೆ ಇನ್ನೊಂದು ಗರಿಯಾಗಿತ್ತು, ಚುಕ್ಕಿ ಇಲ್ಲದಾಗ ಅದು ದಾರಿ ತಪ್ಪಿದವನಿಗೆ ಸಿಕ್ಕಿದ ಆಧಾರವಾಯಿತು. ಆಟ ಅದೇ, ಮರಗಳೂ ಅವೇ, ಆರಿದ್ದು ಒಂದು ಗುರುತು ಮಾತ್ರ.

ನಿಧಾನದ ವಿಷಯದಲ್ಲಿ ಆಟ ಮಾಡುವವರೂ ಎಡವಿದ್ದುಂಟು. ಡಿಯರ್ ಎಸ್ತರ್ ಮಾಡಿದ ದಿ ಚೈನೀಸ್ ರೂಮ್ ತಂಡವೇ 2015ರಲ್ಲಿ 'ಎವ್ರಿಬಡೀಸ್ ಗಾನ್ ಟು ದ ರ‍್ಯಾಪ್ಚರ್' ಎಂಬ ಆಟವನ್ನು ಪ್ಲೇಸ್ಟೇಷನ್ನಿಗೆ ತಂದಿತು. ಜನರೆಲ್ಲ ಮಾಯವಾಗಿರುವ ಇಂಗ್ಲೆಂಡಿನ ಒಂದು ಹಳ್ಳಿ, ಬಹಳ ಸುಂದರವಾದ ಹಳ್ಳಿ, ಆದರೆ ನಡಿಗೆ ಮಾತ್ರ ಶವಯಾತ್ರೆಯ ನಡಿಗೆ. ಕಂಟ್ರೋಲರಿನ R2 ಗುಂಡಿಯನ್ನು ಒತ್ತಿ ಹಿಡಿದರೆ ವೇಗ ಸ್ವಲ್ಪಸ್ವಲ್ಪವೇ ಹೆಚ್ಚುತ್ತದೆ ಎಂಬುದನ್ನು ಆಟದೊಳಗೆ ಎಲ್ಲಿಯೂ ತಿಳಿಸಿರಲಿಲ್ಲ, ಬಿಡುಗಡೆಯ ಹೊತ್ತಿಗೆ ತಂಡ ಹೊರಗಿನಿಂದ ವಿವರಣೆ ಕೊಡಬೇಕಾಯಿತು. ನಿಧಾನ ಹಿತವಾಗುವುದು ಹೆಜ್ಜೆಹೆಜ್ಜೆಗೂ ನೋಡಲು ಏನಾದರೂ ಇದ್ದಾಗ. ಒಂದು ಮನೆಯನ್ನು ನೋಡಿ ಮುಗಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಬೇಕಾದಾಗ ಅದೇ ನಿಧಾನ ಶಿಕ್ಷೆಯಾಗುತ್ತದೆ. ಇಂಥ ಕಡೆ ಆಟವನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ.

ಆದರೆ "ನಡೆಯುವುದೇ ಆದರೆ ಹೊರಗೆ ಹೋಗಿ ನಡೆಯಬಹುದಲ್ಲ" ಎನ್ನುವವರಿಗೆ ಏನು ಹೇಳಲಿ? ನಡೆಯುತ್ತೇನೆ ಸ್ವಾಮಿ, ದಿನವೂ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುತ್ತೇನೆ. ಅಲ್ಲಿಯೂ ಪಕ್ಕದಲ್ಲಿ ಬರುವ ಗೃಹಸ್ಥರು ಕೈಗಡಿಯಾರ ನೋಡಿಕೊಂಡು ಇಂದಿನ ಹತ್ತು ಸಾವಿರ ಹೆಜ್ಜೆಗೆ ಇನ್ನೆಷ್ಟು ಬಾಕಿ ಎಂದು ಘೋಷಿಸುತ್ತಿರುತ್ತಾರೆ! ಇನ್ನು ಕೆಲವರ ತಕರಾರು ಹಣದ್ದು, ಎರಡು ಗಂಟೆಯೊಳಗೆ ಮುಗಿಯುವ ಆಟಕ್ಕೆ ಇಷ್ಟು ಕೊಡಬೇಕೆ ಎಂಬುದು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುವ ನಿಯಮವಿದೆ. ಅದನ್ನು ಹಿಡಿದು ಇಂಥ ಸಣ್ಣ ಆಟವನ್ನು ಪೂರ್ತಿ ಆಡಿ ಮುಗಿಸಿ ಹಣ ವಾಪಸು ಪಡೆದೆನೆಂದು ಹೆಮ್ಮೆಯಿಂದ ಹೇಳಿಕೊಂಡವರೊಬ್ಬರು ನನ್ನ ಪರಿಚಯದಲ್ಲಿಯೇ ಇದ್ದಾರೆ. ಊಟ ಮುಗಿಸಿ ಎಲೆ ಖಾಲಿಯಾಗಿದೆ ಎಂದು ದೂರುವವರ ಜೊತೆ ವಾದಿಸುವ ಶಕ್ತಿ ನನ್ನಲ್ಲಿಲ್ಲ.

ಒಂದು ಮಾತನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಅದು ತಲೆ ಸುತ್ತುತ್ತದೆ ಎಂಬ ದೂರು. ನನ್ನ ಹೆಂಡತಿಗೂ ಹಾಗಾಗುತ್ತಿತ್ತು. ಕಣ್ಣಿಗೆ ಚಲನೆ ಕಂಡು ದೇಹ ಅಲುಗದೇ ಕುಳಿತಿದ್ದಾಗ ಹೊಟ್ಟೆ ತೊಳಸುವುದು ಸಹಜ, ಅದು ಆಡುವವರ ದೌರ್ಬಲ್ಯವೇನೂ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ, ನಡೆಯುವಾಗ ದೃಶ್ಯವನ್ನು ಕುಲುಕಿಸುವ ಹೆಡ್ ಬಾಬ್ ಮತ್ತು ಚಲಿಸುವಾಗ ದೃಶ್ಯವನ್ನು ಮಸುಕಾಗಿಸುವ ಮೋಷನ್ ಬ್ಲರ್ ಇದ್ದರೆ ಎರಡನ್ನೂ ನಿಲ್ಲಿಸಿ, ಒಮ್ಮೆಗೆ ಎಷ್ಟು ಅಗಲ ಕಾಣಬೇಕೆಂದು ನಿರ್ಧರಿಸುವ ಫೀಲ್ಡ್ ಆಫ್ ವ್ಯೂ ಎಂಬುದನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಪರದೆಯಿಂದ ದೂರ ಕುಳಿತು, ಕೋಣೆಯ ದೀಪವನ್ನು ಹಚ್ಚಿಟ್ಟು ಆಡಿದರೆ ಹಲವರಿಗೆ ಹಿಡಿತಕ್ಕೆ ಬರುತ್ತದೆ. ಬೆವರು ಬರಲು ಆರಂಭವಾದರೆ ತಡೆದುಕೊಂಡು ಮುಂದುವರಿಯದೆ ಆಗಲೇ ಎದ್ದುಬಿಡಬೇಕು.

ಇಷ್ಟೆಲ್ಲ ಬರೆದ ಮೇಲೆಯೂ "ಇದರಲ್ಲಿ ಅಚೀವ್‌ಮೆಂಟ್ ಎಷ್ಟಿವೆ" ಎಂದು, ಅಂದರೆ ಗೊತ್ತುಪಡಿಸಿದ ಸಾಧನೆಗಳಿಗೆ ಆಟ ಕೊಡುವ ಪದಕಗಳೆಷ್ಟು ಎಂದು ಕೇಳುವವರು ಬಂದೇ ಬರುತ್ತಾರೆ ಎಂದು ಗೊತ್ತು. ಅವರಿಗೆ 2013ರ 'ದ ಸ್ಟ್ಯಾನ್ಲಿ ಪ್ಯಾರಬಲ್' ಆಟವನ್ನು ಶಿಫಾರಸು ಮಾಡುತ್ತೇನೆ. ಅದರಲ್ಲಿ, ಐದು ವರ್ಷ ಆ ಆಟವನ್ನು ಮುಟ್ಟದೇ ಇದ್ದರೆ ಮಾತ್ರ ಸಿಗುವ ಒಂದು ಅಚೀವ್‌ಮೆಂಟ್ ಇದೆ. ಕಂಪ್ಯೂಟರಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಅದನ್ನೂ ಗಿಟ್ಟಿಸಿಕೊಂಡ ಮಹಾನುಭಾವರಿದ್ದಾರೆ, ದಯವಿಟ್ಟು ಅವರು ನನ್ನ ಈ ಬರಹಕ್ಕೆ ಲೈಕ್ ಒತ್ತುವುದು ಬೇಡ.