ಬ್ರೆಡ್ ಮುಗಿದ ದಿನ ನಿಮ್ಮ ಬೇಕರಿ ಹೇಗೆ ಮಾತಾಡುತ್ತದೆ?

ಬಡಾವಣೆಯ ಸಣ್ಣ ಬೇಕರಿಗೆ ಸೋಷಿಯಲ್ ಮೀಡಿಯಾದಲ್ಲಿ ಯಾವ ದನಿ ಇರಬೇಕು ಅಂತ ಯೋಚಿಸಲು ಕೂತವರು ಸಾಮಾನ್ಯವಾಗಿ ಎರಡು ಮೂರು ಪದ ಬರೆದುಕೊಳ್ಳುತ್ತಾರೆ. ಆತ್ಮೀಯ, ಪ್ರಾಮಾಣಿಕ, ಲವಲವಿಕೆಯ. ನೋಡಲು ಚೆನ್ನಾಗಿರುತ್ತದೆ. ಆದರೆ ಮರುದಿನ ಪೋಸ್ಟ್ ಬರೆಯಲು ಹೊರಟಾಗ ಆ ಪದಗಳು ಏನೂ ಸಹಾಯ ಮಾಡುವುದಿಲ್ಲ. ಪ್ರಾಮಾಣಿಕರಾಗಿರುವುದು ಸರಿ, ಆದರೆ ಮೊದಲ ಸಾಲು ಏನು?

ನನ್ನ ಅಭಿಪ್ರಾಯ ಇಷ್ಟು: ಚಂದದ ಕೇಕಿನ ಫೋಟೋ ಮುಂದಿಟ್ಟುಕೊಂಡು ದನಿ ಆರಿಸಬೇಡಿ. ಫೋಟೋ ಚೆನ್ನಾಗಿದ್ದರೆ ಕೆಳಗೆ ಏನು ಬರೆದರೂ ನಡೆಯುತ್ತದೆ. ಬೇಸರದ ಸುದ್ದಿ ಹೇಳಬೇಕಾದ ದಿನದ ಪೋಸ್ಟನ್ನು ಮೊದಲು ಬರೆದು ನೋಡಿ.

ಒಂದು ಉದಾಹರಣೆ. ಬೆಳಿಗ್ಗೆ ಹತ್ತಕ್ಕೇ ಗೋಧಿ ಬ್ರೆಡ್ ಮುಗಿದಿದೆ. ಜನ ಇನ್ನೂ ಬರುತ್ತಿದ್ದಾರೆ. ಇದನ್ನು ಹೀಗೆ ಬರೆಯಬಹುದು: "ಆತ್ಮೀಯ ಗ್ರಾಹಕರ ಗಮನಕ್ಕೆ, ಇಂದಿನ ಗೋಧಿ ಬ್ರೆಡ್ ದಾಸ್ತಾನು ಮುಗಿದಿರುತ್ತದೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ." ಹೀಗೂ ಬರೆಯಬಹುದು: "ಮತ್ತೆ ಸೋಲ್ಡ್ ಔಟ್!!! ನಿಮ್ಮ ಪ್ರೀತಿಗೆ ನಾವು ಫಿದಾ!!!" ಇನ್ನೊಂದು ಬಗೆ ಇದು: "ಇವತ್ತಿನ ಗೋಧಿ ಬ್ರೆಡ್ ಹತ್ತು ಗಂಟೆಗೇ ಮುಗಿಯಿತು. ಇದರ ಹಿಟ್ಟು ರಾತ್ರಿಯಿಡೀ ಉಬ್ಬಬೇಕು, ಹಾಗಾಗಿ ಇವತ್ತು ಇನ್ನೊಂದು ಸಲ ಮಾಡಲು ಆಗುವುದಿಲ್ಲ. ಬನ್ ಇದೆ. ನಾಳೆಗೆ ಬೇಕಿದ್ದವರು ಸಂಜೆಯೊಳಗೆ ಮೆಸೇಜ್ ಹಾಕಿ, ಎತ್ತಿಡುತ್ತೇವೆ."

ಮೊದಲನೆಯದು ಆಫೀಸಿನ ನೋಟಿಸ್ ಬೋರ್ಡಿನ ಮಾತು. ಎರಡನೆಯದು ಅದಕ್ಕಿಂತ ಕೆಟ್ಟದು. ಬ್ರೆಡ್ ಸಿಗದೆ ವಾಪಸ್ ಹೋದವರು ಅದನ್ನು ಓದುತ್ತಾರೆ. ಅವರಿಗೆ ನಿರಾಸೆಯಾದ ಹೊತ್ತಿನಲ್ಲಿ ಅಂಗಡಿ ಸಂಭ್ರಮ ಪಡುತ್ತಿದೆ ಅಂತ ಅನ್ನಿಸುತ್ತದೆ. ಮೂರನೆಯದರಲ್ಲಿ ಕಾರಣ ಇದೆ, ಈಗ ಏನು ಸಿಗುತ್ತದೆ ಅನ್ನುವುದಿದೆ, ನಾಳೆಗೆ ದಾರಿಯೂ ಇದೆ. ಕ್ಷಮೆ ಮಾತ್ರ ಇಲ್ಲ. ಬ್ರೆಡ್ ಖಾಲಿಯಾಗುವುದು ತಪ್ಪಲ್ಲ. ಎಲ್ಲದಕ್ಕೂ ಕ್ಷಮೆ ಕೇಳುತ್ತಾ ಹೋದರೆ, ನಿಜವಾಗಿ ತಪ್ಪಾದ ದಿನ ಆ ಮಾತಿಗೆ ತೂಕವೇ ಇರುವುದಿಲ್ಲ.

ಈಗ ಆ ಮೂರನೆಯ ಪೋಸ್ಟಿನಿಂದ ನಿಯಮಗಳನ್ನು ಹೊರಗೆ ತೆಗೆಯಬಹುದು. ಇಲ್ಲ ಅನ್ನುವಾಗ ಒಂದು ಸಾಲಿನಲ್ಲಿ ಕಾರಣ ಹೇಳುತ್ತೇವೆ. ಏನು ಇದೆ ಅಂತಲೂ ಹೇಳುತ್ತೇವೆ. ಆಶ್ಚರ್ಯ ಚಿಹ್ನೆ ಹಾಕುವುದಿಲ್ಲ. ನಮ್ಮಿಂದ ತಪ್ಪಾದಾಗ ಮಾತ್ರ ಕ್ಷಮೆ ಕೇಳುತ್ತೇವೆ. ಬರೆಯುವವರಿಗೆ ಕೈಗೆ ಸಿಗುವುದು ಇಂಥ ನಿಯಮ.

ಆ ಮೂರನೆಯ ಪೋಸ್ಟ್ ಎಲ್ಲಿಂದ ಬರುತ್ತದೆ? ಕೌಂಟರಿನಿಂದ. ಕೆಲವು ದಿನ ಕೌಂಟರಿನ ಪಕ್ಕ ನಿಂತು ಸುಮ್ನೆ ಕೇಳಿಸಿಕೊಳ್ಳಿ. ಓವನ್‌ನಿಂದ ಈಗಷ್ಟೇ ತೆಗೆದ ಬ್ರೆಡ್ ಸ್ಲೈಸ್ ಮಾಡಿ ಕೊಡಿ ಅಂತ ಯಾರೋ ಕೇಳುತ್ತಾರೆ. "ಈಗ ಕತ್ತರಿಸಿದರೆ ಒಳಗೆ ಅಂಟಂಟಾಗುತ್ತೆ, ಆರಲಿ, ಒಂದು ಗಂಟೆ ಬಿಟ್ಟು ಬನ್ನಿ" ಅಂತ ಕೌಂಟರಿನವರು ಹೇಳುತ್ತಾರೆ. ಇದನ್ನು ಹಾಗೇ ಬರೆದುಕೊಳ್ಳಿ. ಇಂಥ ಹತ್ತಿಪ್ಪತ್ತು ಮಾತು ಸೇರಿದರೆ ನಿಮ್ಮ ದನಿ ತಾನಾಗಿ ಕಾಣುತ್ತದೆ. ಎಲ್ಲ ಬೇಕರಿಗೂ ಒಂದೇ ದನಿ ಹೊಂದುವುದಿಲ್ಲ. ಕೌಂಟರಿನಲ್ಲಿ ದಿನವಿಡೀ ತಮಾಷೆ ನಡೆಯುವ ಅಂಗಡಿಯಾದರೆ ಪೋಸ್ಟಿನಲ್ಲೂ ತಮಾಷೆ ಇರಲಿ. ಮಾತು ಕಡಿಮೆ ಇರುವ ಅಂಗಡಿ ಪೋಸ್ಟಿನಲ್ಲಿ ಮಾತ್ರ ಹರಟೆ ಹೊಡೆದರೆ, ಅದನ್ನು ಓದಿ ಬಂದವರಿಗೆ ಬೇರೆ ಯಾರನ್ನೋ ಭೇಟಿಯಾದ ಹಾಗಾಗುತ್ತದೆ.

ಕನ್ನಡದಲ್ಲಿ ಬರೆಯುವವರು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕಾದ ಕೆಲವು ವಿಷಯಗಳಿವೆ. "ಮಾಡಿದ್ದೇವೆ" ಅಂತ ಬರೆಯುತ್ತೀರೋ, "ಮಾಡಿದ್ದೀವಿ" ಅಂತಲೋ? ಎರಡೂ ಸರಿ. ಆದರೆ ಒಂದು ದಿನ ಅದು, ಒಂದು ದಿನ ಇದು ಆದರೆ ಇಬ್ಬರು ಬರೆಯುತ್ತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. "ನಾನು" ಅಂತ ಬರೆಯುವ ಆಸೆ ಕೆಲವು ಮಾಲೀಕರಿಗೆ ಇರುತ್ತದೆ. ಪ್ರತಿಯೊಂದು ಪೋಸ್ಟನ್ನೂ ಅವರೇ ಬರೆಯುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆಲಸದ ಹುಡುಗರೂ ಬರೆಯುವ ಅಂಗಡಿಯಾದರೆ "ನಾವು" ಅನ್ನುವುದೇ ನಿಜ. ಇನ್ನೊಂದು ತಿನಿಸುಗಳ ಹೆಸರು. ಬೋರ್ಡಿನಲ್ಲಿ "ಹಾಲಿನ ಬ್ರೆಡ್", ಪೋಸ್ಟಿನಲ್ಲಿ "ಮಿಲ್ಕ್ ಲೋಫ್", ಬಿಲ್ಲಿನಲ್ಲಿ ಮತ್ತೇನೋ ಇದ್ದರೆ, ಬಂದವರು ಏನು ಅಂತ ಕೇಳಬೇಕು? ಒಂದು ಹೆಸರು ಆರಿಸಿ ಎಲ್ಲ ಕಡೆ ಅದನ್ನೇ ಹಾಕಿ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಡಿ. ಎಡಕ್ಕೆ ನಾವು ಹೀಗೆ ಬರೆಯುತ್ತೇವೆ, ಬಲಕ್ಕೆ ಹೀಗೆ ಬರೆಯುವುದಿಲ್ಲ. ಎರಡೂ ಕಡೆ ಪೂರ್ತಿ ವಾಕ್ಯಗಳೇ ಇರಲಿ. ಒಂದು ಹಾಳೆಗಿಂತ ಜಾಸ್ತಿ ಆದರೆ ಹಿಟ್ಟಿನ ಕೈಯಲ್ಲಿ ಯಾರೂ ಅದನ್ನು ತಿರುವಿ ನೋಡುವುದಿಲ್ಲ.

ಇಷ್ಟು ಮಾಡಿದ ಮೇಲೂ ದನಿ ತಪ್ಪುತ್ತದೆ. ದಿನದಿನದ ಬ್ರೆಡ್ ಪೋಸ್ಟುಗಳಲ್ಲಿ ಹಾಗಾಗುವುದು ಕಡಿಮೆ. ಹಬ್ಬದ ದಿನ ಯಾರೋ ಕಳಿಸಿದ ಶುಭಾಶಯದ ಚಿತ್ರವನ್ನು ಹಾಗೇ ಹಾಕಿಬಿಡುತ್ತಾರೆ. ವಾಟ್ಸಾಪ್ ಬಿಸಿನೆಸ್‌ನ ಸ್ವಾಗತ ಸಂದೇಶ ಆ್ಯಪ್‌ನಲ್ಲಿ ಬಂದ ಹಾಗೇ ಉಳಿದಿರುತ್ತದೆ, ಯಾರೂ ಬದಲಾಯಿಸಿರುವುದಿಲ್ಲ. ಹೊಸದಾಗಿ ಕೇಕ್ ಕೇಳಲು ಬಂದವರು ಮೊದಲು ಓದುವುದು ಅದನ್ನೇ! ಎಲ್ಲಕ್ಕಿಂತ ಹೆಚ್ಚಾಗಿ ದನಿ ಬದಲಾಗುವುದು ಕೆಟ್ಟ ರಿವ್ಯೂಗೆ ಉತ್ತರ ಬರೆಯುವಾಗ.

ಕೇಕಿನ ಮೇಲೆ ಮಗುವಿನ ಹೆಸರು ತಪ್ಪಾಗಿತ್ತು ಅಂತ ಒಬ್ಬರು ಬರೆದಿದ್ದಾರೆ ಅಂದುಕೊಳ್ಳಿ. ನಿನ್ನೆಯವರೆಗೆ ಪಕ್ಕದ ಮನೆಯವರ ಹಾಗೆ ಮಾತಾಡುತ್ತಿದ್ದ ಬೇಕರಿ ಇದ್ದಕ್ಕಿದ್ದಂತೆ "ನಮ್ಮ ಸಂಸ್ಥೆಯು ಗುಣಮಟ್ಟಕ್ಕೆ ಸದಾ ಬದ್ಧವಾಗಿದ್ದು" ಅಂತ ಶುರು ಮಾಡುತ್ತದೆ. ಭಯ ಆದಾಗ ಮನುಷ್ಯ ದೊಡ್ಡ ಪದಗಳ ಹಿಂದೆ ನಿಲ್ಲುತ್ತಾನೆ, ಅರ್ಥವಾಗುತ್ತದೆ. ಆದರೆ ಅಲ್ಲಿ ಬೇಕಾದದ್ದು ಇದು: "ಹೆಸರು ತಪ್ಪಾಗಿದ್ದು ನಮ್ಮಿಂದ. ಆರ್ಡರ್ ಚೀಟಿಯಲ್ಲಿ ಸರಿಯಾಗಿತ್ತು, ಕೇಕಿನ ಮೇಲೆ ಬರೆದವರು ಚೀಟಿ ನೋಡಲಿಲ್ಲ. ಕ್ಷಮಿಸಿ. ಇವತ್ತೇ ನಿಮಗೆ ಫೋನ್ ಮಾಡುತ್ತೇವೆ." ಎಂದಿನ ಹಾಗೆ ಸಣ್ಣ ವಾಕ್ಯಗಳು, ಎಂದಿನ ಹಾಗೆ ಒಂದು ಸಾಲಿನ ಕಾರಣ. ತಮಾಷೆಯ ಅಂಗಡಿಯಾಗಿದ್ದರೂ ಇಲ್ಲಿ ತಮಾಷೆ ಬೇಡ, ಎಮೋಜಿ ಬೇಡ. ಸಂದರ್ಭ ನೋಡಿ ಮಾತಿನ ಬಿಸಿ, ತಂಪು ಬದಲಾಗಬಹುದು. ಮಾತಾಡುವ ವ್ಯಕ್ತಿ ಬದಲಾಗಬಾರದು.

ಪರೀಕ್ಷೆ ಮಾಡಬೇಕೆನ್ನುವವರು ಹೀಗೆ ಮಾಡಿ. ಕಳೆದ ಎರಡು ತಿಂಗಳ ಪೋಸ್ಟುಗಳ ಬರಹ, ಆ ಅವಧಿಯಲ್ಲಿ ರಿವ್ಯೂಗಳಿಗೆ ಕೊಟ್ಟ ಉತ್ತರ ಎಲ್ಲವನ್ನೂ ಹೆಸರು, ಫೋಟೋ ಇಲ್ಲದೆ ಒಂದು ಕಡೆ ಹಾಕಿ. ಮಧ್ಯೆ ಬೇರೆ ಬೇಕರಿಗಳ ಕೆಲವು ಪೋಸ್ಟುಗಳನ್ನೂ ಸೇರಿಸಿ. ದಿನಾ ಬರುವ ಒಬ್ಬ ಗ್ರಾಹಕರಿಗೆ ಕೊಟ್ಟು, ಯಾವುದು ನಮ್ಮದು ಅಂತ ಕೇಳಿ. ಅವರು ಗುರುತಿಸದೇ ಹೋದದ್ದನ್ನು ಯಾರು, ಯಾವ ಸಂದರ್ಭದಲ್ಲಿ ಬರೆದರು ಅಂತ ನೋಡಿ. ಸಾಮಾನ್ಯವಾಗಿ ಒಂದೇ ಬಗೆಯ ಸಂದರ್ಭ ಮತ್ತೆ ಮತ್ತೆ ಸಿಗುತ್ತದೆ. ರಜೆಯ ಸುದ್ದಿಯೋ, ಬೆಲೆ ಏರಿಸಿದ ಸುದ್ದಿಯೋ, ಮತ್ತೊಂದೋ. ಬರೆದವರಿಗೆ ಬೈಯಬೇಡಿ, ಹಾಳೆಯಲ್ಲಿ ಆ ಸಂದರ್ಭಕ್ಕೆ ಮಾದರಿ ವಾಕ್ಯ ಇರಲಿಲ್ಲ ಅಷ್ಟೇ. ಕೌಂಟರಿನವರು ಅದನ್ನು ಎದುರಿಗೆ ನಿಂತವರಿಗೆ ಹೇಗೆ ಹೇಳುತ್ತಾರೆ ಅಂತ ಕೇಳಿ, ಆ ಮಾತನ್ನು ಹಾಳೆಗೆ ಸೇರಿಸಿ.