ಕೂಲರ್ ಕಾಣದವರು ಬರೆದ ಕೂಲರ್ ರಿವ್ಯೂಗಳು

ರಾಯಚೂರಿನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಹೊತ್ತಿಗೆ ಏರ್ ಕೂಲರ್ ಬೇಕೆನ್ನುವವರು ಹೆಚ್ಚಾಗುತ್ತಾರೆ, ಅವರಲ್ಲಿ ಹಲವರು ಮೊಬೈಲಿನಲ್ಲಿ ನಕ್ಷತ್ರಗಳನ್ನು ನೋಡಿ ಆರ್ಡರ್ ಮಾಡುತ್ತಾರೆ. ಈ ಸಲ ನನ್ನ ಚಿಕ್ಕಪ್ಪನ ಮಗ 55 ಲೀಟರ್ ಟ್ಯಾಂಕಿನ ಒಂದು ಕೂಲರಿನ ಪುಟವನ್ನು ಕಳಿಸಿ, "ಅಣ್ಣಾ, ಎಲ್ಲರೂ ಹೊಗಳ್ಯಾರ, ತಗೊಳ್ಳಲೇನು?" ಎಂದು ಕೇಳಿದ. ಆ ಹೊಗಳಿಕೆಯ ದೊಡ್ಡ ಪಾಲನ್ನು ಕೂಲರ್ ಬಳಸಿದ ಮನುಷ್ಯರಲ್ಲ, ಬರೆಯುವ ಎ.ಐ. ಉಪಕರಣಗಳು ಬರೆದಿರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಕಣ್ಣಿಗೆ ಬಿದ್ದದ್ದು ಮಾತುಗಳ ಪುನರಾವರ್ತನೆ. ಬೇರೆ ಬೇರೆ ಹೆಸರಿನವರು ಬರೆದ ರಿವ್ಯೂಗಳು ಒಂದೇ ದಾರಿಯಲ್ಲಿ ನಡೆಯುತ್ತಿದ್ದವು: ಮೊದಲಿಗೆ ಸ್ವಲ್ಪ ಅನುಮಾನವಿತ್ತು, ಬಳಸಿದ ಮೇಲೆ ಬೆರಗಾಯಿತು, ಕೊಟ್ಟ ಹಣಕ್ಕೆ ಮೋಸವಿಲ್ಲ, ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ವಸ್ತುವಿನ ಪೂರ್ತಿ ಹೆಸರು, ಮಾದರಿ ಸಂಖ್ಯೆಯ ಸಮೇತ, ಪ್ರತಿಯೊಂದರ ಮೊದಲ ಸಾಲಿನಲ್ಲೇ ಇತ್ತು. ಮನೆಯಲ್ಲಿ ಕೂಲರ್ ಇಟ್ಟುಕೊಂಡವರು ಅದನ್ನು "ಈ ಕೂಲರ್" ಎನ್ನುತ್ತಾರೆಯೇ ಹೊರತು ಬಿಲ್ಲಿನಲ್ಲಿ ಅಚ್ಚಾದ ಹೆಸರಿನಿಂದ ಕರೆಯುವುದಿಲ್ಲ. ಬರೆಯುವ ಉಪಕರಣಕ್ಕೆ ಸಾಮಾನ್ಯವಾಗಿ ವಸ್ತುವಿನ ಹೆಸರು ಮತ್ತು ಮಾರುವವರು ಕೊಟ್ಟ ಗುಣಗಳ ಪಟ್ಟಿಯ ಹೊರತು ಬೇರೇನೂ ಸಿಕ್ಕಿರುವುದಿಲ್ಲವಾದ್ದರಿಂದ, ಅದು ಆ ಪಟ್ಟಿಯನ್ನೇ ಅದೇ ಕ್ರಮದಲ್ಲಿ ಅನುಭವದ ಧಾಟಿಗೆ ತಿರುಗಿಸಿ ಬರೆಯುತ್ತದೆ. ಇಲ್ಲಿಯೂ ಮೊದಲು ಟ್ಯಾಂಕ್, ಆಮೇಲೆ ಗಾಳಿಯ ವೇಗ, ಕೊನೆಗೆ ಚಕ್ರಗಳು. ವಿವರಣೆಯಲ್ಲಿದ್ದ ಸರದಿಯೇ ರಿವ್ಯೂಗಳಲ್ಲಿಯೂ ಇತ್ತು.

ಆದರೂ ಮಾತಿನ ಧಾಟಿಯೊಂದರಿಂದಲೇ ತೀರ್ಪು ಕೊಡಬಾರದು. "ಸೂಪರ್", "ಚೆನ್ನಾಗಿದೆ" ಎಂದು ಒಂದೇ ಪದದಲ್ಲಿ ಮುಗಿಸುವವರು ಬಹುಮಟ್ಟಿಗೆ ಮನುಷ್ಯರೇ. ಅವರದು ಸೋಮಾರಿತನ, ಮೋಸವಲ್ಲ. ಅನುಮಾನ ಹುಟ್ಟಬೇಕಾದದ್ದು ನೂರು ಪದ ಬರೆದೂ ಏನನ್ನೂ ಹೇಳದ ಹೊಗಳಿಕೆಯ ಮೇಲೆ. "ಅದ್ಭುತ ಗುಣಮಟ್ಟ, ಆಕರ್ಷಕ ವಿನ್ಯಾಸ, ಇಡೀ ಕುಟುಂಬಕ್ಕೆ ನೆಮ್ಮದಿ" ಎಂಬ ಮಾತನ್ನು ಮಿಕ್ಸಿಗೂ ಮಂಚಕ್ಕೂ ಹಾಗೆಯೇ ಅಂಟಿಸಬಹುದು.

ನನ್ನ ಮಟ್ಟಿಗೆ ಗಟ್ಟಿಯಾದ ಸುಳಿವು ಸಿಗುವುದು ವಸ್ತುವಿಗೆ ಹೊಂದದ ವಿವರದಲ್ಲಿ. ಒಂದು ರಿವ್ಯೂ, ರಿಮೋಟಿನಲ್ಲಿ 18 ಡಿಗ್ರಿಗೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಿದರೆ ರಾತ್ರಿಯಿಡೀ ತಂಪು ಎಂದಿತ್ತು. ಇದು ಎ.ಸಿ.ಯ ಮಾತು. ಕೂಲರ್ ಒಣಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದುಕೊಳ್ಳುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುವುದರಿಂದ ತಂಪಾಗುತ್ತದೆ. ತೇವಗೊಂಡ ಗಾಳಿ ಹೊರಹೋಗಲು ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಮೈ ಬೆವರಿನಿಂದ ಅಂಟಂಟಾಗುತ್ತದೆ. ಹೊರಗೆ 40 ಡಿಗ್ರಿ ಬಿಸಿಲು ಮತ್ತು ಶೇಕಡಾ 20ರಷ್ಟು ತೇವಾಂಶ ಇರುವಾಗ ಆವಿಯಾಗುವಿಕೆಯಿಂದ ಗಾಳಿಯನ್ನು ಸುಮಾರು 22 ಡಿಗ್ರಿಗಿಂತ ಕೆಳಗೆ ಇಳಿಸಲು ಸಾಧ್ಯವೇ ಇಲ್ಲ. ಮನೆಯ ಕೂಲರ್ ಅಷ್ಟನ್ನೂ ಮುಟ್ಟುವುದಿಲ್ಲ. 18 ಡಿಗ್ರಿ ಎಂದು ಬರೆದವರು, ಯಂತ್ರವಾಗಲಿ ಮನುಷ್ಯರಾಗಲಿ, ಆ ಕೂಲರಿನ ಮುಂದೆ ಕುಳಿತಿಲ್ಲ. ಇನ್ನೊಂದು ರಿವ್ಯೂ ನೀರು ತುಂಬುವ ತಾಪತ್ರಯವೇ ಇಲ್ಲ ಎಂದಿತ್ತು. 55 ಲೀಟರ್ ಟ್ಯಾಂಕನ್ನು ಬೇಸಿಗೆಯಲ್ಲಿ ಕೊಡದಿಂದ ತುಂಬಿಸಿದವರ ಕೈಯಿಂದ ಇಂಥ ವಾಕ್ಯ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಲವು ಮಾರಾಟಗಾರರು ಬೇರೆ ಬೇರೆ ವಸ್ತುಗಳನ್ನು ಒಂದೇ ಪುಟದ ಬಗೆಗಳೆಂದು ಸೇರಿಸಿ, ಹಳೆಯ ವಸ್ತುವಿಗೆ ಬಂದ ನಕ್ಷತ್ರಗಳನ್ನು ಹೊಸದಕ್ಕೆ ದಾಟಿಸುತ್ತಾರೆ. ಆಗ ಟೇಬಲ್ ಫ್ಯಾನ್ ಕೊಂಡವರ ಪ್ರಾಮಾಣಿಕ ಮಾತು ಕೂಲರಿನ ಕೆಳಗೆ ಕಾಣಿಸುತ್ತದೆ. ಅಂಥ ಕಡೆ ಬರೆದವರದು ತಪ್ಪಲ್ಲ, ಆದರೆ ಕೊಳ್ಳುವವರಿಗೆ ಅದರಿಂದ ಉಪಯೋಗವೂ ಇಲ್ಲ. ಹಾಗೆಯೇ, ಕೊಂಡವರೇ ಬರೆದದ್ದು ಎಂಬ ಗುರುತು ಹಣ ಪಾವತಿಯಾಗಿದೆ ಎಂದಷ್ಟೇ ಹೇಳುತ್ತದೆ. ಹಣವನ್ನು ಹಿಂತಿರುಗಿಸಿ ರಿವ್ಯೂ ಬರೆಸಿಕೊಳ್ಳುವುದು ಹೊಸದೇನಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು, ಆದರೆ ಅದನ್ನು ಪಾಲಿಸುವುದು ಐಚ್ಛಿಕವೆಂದು ಇಟ್ಟಿತು. ಐಚ್ಛಿಕ ನಿಯಮಕ್ಕೆ ಎಷ್ಟು ಹಲ್ಲುಗಳಿರುತ್ತವೆ ಎಂಬುದನ್ನು ಓದುಗರೇ ಊಹಿಸಬಹುದು.

ಆ ಪುಟದಲ್ಲಿ ಐದು ನಕ್ಷತ್ರದವುಗಳನ್ನು ಬದಿಗಿಟ್ಟು, ಮೂರು ನಕ್ಷತ್ರದವುಗಳನ್ನು ತೆರೆದು, "ಪಂಪ್" ಮತ್ತು "ಪ್ಯಾಡ್" ಎಂದು ಹುಡುಕಿದೆವು. ಅಲ್ಲಿ ಬರಹ ಒರಟಾಗಿತ್ತು, ಕಾಗುಣಿತ ತಪ್ಪಿತ್ತು, ಆದರೆ ಬೋರ್‌ವೆಲ್ಲಿನ ಗಡಸು ನೀರಿನಿಂದ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿತು, ಎರಡನೆಯ ಬೇಸಿಗೆಗೆ ಪಂಪ್ ನೀರೆತ್ತಲಿಲ್ಲ, ಹೊಸ ಪ್ಯಾಡಿನ ವಾಸನೆ ಕೆಲವು ದಿನ ಹೋಗಲಿಲ್ಲ ಎಂಬಂಥ ಸಂಗತಿಗಳಿದ್ದವು. ಯಾವ ಗುಣಪಟ್ಟಿಯಲ್ಲೂ ಇರದ ಮಾತುಗಳು ಇವು. ಈಗ ಚಿಕ್ಕಪ್ಪನ ಮಗ ಅದೇ ಅಳತೆಯ ಪ್ಯಾಡೂ ಪಂಪೂ ರಾಯಚೂರಿನ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸುತ್ತಿದ್ದಾನೆ. ಸಿಗದಿದ್ದರೆ ಆ ಕೂಲರ್ ಬೇಡ ಎಂದಿದ್ದೇನೆ.